ಸೈಟು ಹಿಂದಿಯಲ್ಲಿ ತೆರೆಯುತ್ತೆ, ಬಟನ್ ಮೇಲೆ ‘ಪುಸ್ತಕ’ ಅಂತಿದೆ: ಏನು ಮಾಡಲಿ?

ಪ್ರಶ್ನೆ: ಅಪ್ಪನ ಆಂಡ್ರಾಯ್ಡ್ ಫೋನಿಗೆ ಕನ್ನಡ ಭಾಷೆ ಹಾಕಿಕೊಟ್ಟೆ. ಆಮೇಲಿಂದ ಎರಡು ತೊಂದರೆ. ಬಸ್ ಟಿಕೆಟ್ ಸೈಟು ಏನೇನೋ ಕನ್ನಡದಲ್ಲಿ ಬರುತ್ತದೆ, ಟಿಕೆಟ್ ಬುಕ್ ಮಾಡುವ ಬಟನ್ ಮೇಲೆ ‘ಪುಸ್ತಕ’ ಅಂತಿದೆ. ಇನ್ನೊಂದು ಸೈಟು ಹಿಂದಿಯಲ್ಲೇ ತೆರೆಯುತ್ತದೆ. ಅಪ್ಪನಿಗೆ ಹಿಂದಿ ಬರಲ್ಲ. ಫೋನ್ ಕೆಟ್ಟಿದೆಯಾ?

ಉತ್ತರ: ಫೋನ್ ಚೆನ್ನಾಗೇ ಇದೆ. ಎರಡೂ ಒಂದೇ ತೊಂದರೆಯ ಹಾಗೆ ಕಾಣುತ್ತವೆ, ಆದರೆ ಆಗುತ್ತಿರುವ ಜಾಗ ಬೇರೆ ಬೇರೆ. ಟಿಕೆಟ್ ಸೈಟು ಇಂಗ್ಲಿಷಿನಲ್ಲೇ ಬಂದಿದೆ, ಅದನ್ನು ಕ್ರೋಮ್ ಕನ್ನಡ ಮಾಡಿದೆ. ಇನ್ನೊಂದನ್ನು ಆ ಸೈಟೇ ಹಿಂದಿಯಲ್ಲಿ ಕಳಿಸುತ್ತಿದೆ. ಒಂದಕ್ಕೆ ಮಾಡುವ ಪರಿಹಾರ ಇನ್ನೊಂದಕ್ಕೆ ನಾಟುವುದಿಲ್ಲ. ಹಾಗಾಗಿ ಮೊದಲು ಯಾರು ಭಾಷೆ ಬದಲಿಸಿದರು ಅಂತ ನೋಡಬೇಕು.

ಫೋನಿನಲ್ಲಿ ನೋಡುವುದು ಸುಲಭ. ಕ್ರೋಮ್‌ನ ಮೂರು ಚುಕ್ಕಿ ಒತ್ತಿ `Translate` ಆರಿಸಿ. ಎರಡು ಭಾಷೆಗಳ ಹೆಸರಿರುವ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ‘ಇಂಗ್ಲಿಷ್’ ಮುಟ್ಟಿದಾಗ ಪುಟ ಸರಿಯಾದ ಇಂಗ್ಲಿಷಿಗೆ ತಿರುಗಿದರೆ ಅದು ಕ್ರೋಮ್ ಮಾಡಿದ ಅನುವಾದ. ಕಂಪ್ಯೂಟರಿನಲ್ಲಾದರೆ `Ctrl+U` ಒತ್ತಿ. ಸೈಟು ಕಳಿಸಿದ ಮೂಲ ಪಠ್ಯ ಅಲ್ಲಿ ಹಾಗೇ ಇರುತ್ತದೆ, ಅನುವಾದ ಅಲ್ಲಿಗೆ ತಲುಪಿರುವುದಿಲ್ಲ. ಅಲ್ಲೂ ಹಿಂದಿಯೇ ಕಂಡರೆ ಕಳಿಸಿದ್ದು ಸೈಟೇ. (ಮೆನು ಹೆಸರುಗಳನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದೇನೆ. ಅಪ್ಪನ ಫೋನಿನಲ್ಲಿ ಅವು ಕನ್ನಡದಲ್ಲಿರುತ್ತವೆ, ಇರುವ ಜಾಗ ಅದೇ.)

ಮೊದಲು ‘ಪುಸ್ತಕ’ದ ವಿಷಯ. ಪುಟದ ಮಾತು ಅನುವಾದಕ್ಕೆ ಹೋಗುವಾಗ ಚೂರು ಚೂರಾಗಿ ಹೋಗುತ್ತದೆ. ಸುದ್ದಿಯ ಪ್ಯಾರಾದಲ್ಲಿ ಹಿಂದೆ ಮುಂದೆ ನಾಲ್ಕು ಪದ ಇರುತ್ತವೆ, ಅರ್ಥ ಸಿಗುತ್ತದೆ. ಬಟನ್ ಮೇಲೆ `Book` ಅಂತ ಒಂದೇ ಪದ. ಅದು ಕಾದಿರಿಸುವುದೋ ಓದುವುದೋ, ಹೇಗೆ ಗೊತ್ತಾಗಬೇಕು? ಹಾಗಾಗಿ ಲೇಖನಗಳು ತಕ್ಕಮಟ್ಟಿಗೆ ಓದಿಸಿಕೊಳ್ಳುತ್ತವೆ, ಬಟನ್ ಮತ್ತು ಮೆನುಗಳು ಮಾತ್ರ ನಗೆಪಾಟಲಾಗುತ್ತವೆ.

ನಗು ಬರಿಸುವ ತಪ್ಪಾದರೆ ಸುಮ್ನೆ ಬಿಡಬಹುದಿತ್ತು. ನಿಜವಾದ ಅಪಾಯ ಫಾರ್ಮ್‌ಗಳಲ್ಲಿದೆ. ನೀವು ಟೈಪ್ ಮಾಡಿದ್ದನ್ನು ಅನುವಾದ ಮುಟ್ಟುವುದಿಲ್ಲ, ಆದರೆ ಆರಿಸಿಕೊಳ್ಳುವ ಪಟ್ಟಿಗಳನ್ನು ಮುಟ್ಟುತ್ತದೆ. ಚೆನ್ನಾಗಿ ಬರೆದ ಸೈಟಿನಲ್ಲಿ ಪಟ್ಟಿಯ ಪ್ರತಿ ಹೆಸರಿನ ಹಿಂದೆ ಕಾಣದ ಒಂದು ಸಂಕೇತ ಇರುತ್ತದೆ, ಸರ್ವರಿಗೆ ಹೋಗುವುದು ಅದು. ಆ ಸಂಕೇತ ಕೊಡದಿದ್ದರೆ ಕಾಣುವ ಪದವೇ ಹೋಗುತ್ತದೆ:

```
<option value="12">Sirsi</option>
<option>Sirsi</option>
```

ಮೊದಲ ಸಾಲಿನಲ್ಲಿ ಊರಿನ ಹೆಸರು ಏನೇ ಆಗಲಿ, 12 ಹೋಗುತ್ತದೆ. ಎರಡನೆಯದರಲ್ಲಿ ಅನುವಾದ ಏನು ಮಾಡಿಟ್ಟಿದೆಯೋ ಅದೇ ಹೋಗುತ್ತದೆ. ಸರ್ವರು ಅಂಥ ಊರೇ ಇಲ್ಲ ಅನ್ನುತ್ತದೆ. ಇನ್ನು ಕೆಲವು ಹೊಸ ನಮೂನೆಯ ಸೈಟುಗಳು ಪುಟದ ಪ್ರತಿ ಚೂರನ್ನೂ ತಾವೇ ನೋಡಿಕೊಳ್ಳುತ್ತಿರುತ್ತವೆ. ಅನುವಾದ ಮಧ್ಯೆ ಕೈ ಹಾಕಿ ಆ ಚೂರುಗಳನ್ನು ಬದಲಿಸಿದಾಗ ಅವು ತಬ್ಬಿಬ್ಬಾಗುತ್ತವೆ. ಪುಟ ಖಾಲಿಯಾಗುತ್ತದೆ, ಅಥವಾ ಬಟನ್ ಎಷ್ಟು ಒತ್ತಿದರೂ ಅಲ್ಲಾಡುವುದಿಲ್ಲ. ಜನ ಆಗ ನೆಟ್‌ವರ್ಕ್ ಬೈಯುತ್ತಾರೆ. ನನ್ನನ್ನು ಕೇಳಿದರೆ ಬ್ಯಾಂಕು, ಟಿಕೆಟ್, ಸರ್ಕಾರಿ ಅರ್ಜಿ ಇವುಗಳಲ್ಲಿ ಅನುವಾದ ಬೇಡವೇ ಬೇಡ. ಅಪ್ಪನಿಗೆ ನಾಲ್ಕು ಇಂಗ್ಲಿಷ್ ಬಟನ್ ಪರಿಚಯ ಮಾಡಿಸುವುದು ವಾಸಿ.

ನಿಲ್ಲಿಸಲು ಆ ಸೈಟು ತೆರೆದು, ಅನುವಾದದ ಪಟ್ಟಿಯ ಮೆನುವಿನಲ್ಲಿ `Never translate this site` ಒತ್ತಿ. ಆ ಒಂದು ಸೈಟಿಗೆ ಮಾತ್ರ ಅನುವಾದ ನಿಲ್ಲುತ್ತದೆ, ಇಂಗ್ಲಿಷ್ ಸುದ್ದಿ ಕನ್ನಡದಲ್ಲಿ ಓದುವ ಅನುಕೂಲ ಉಳಿಯುತ್ತದೆ. ಎಲ್ಲ ಇಂಗ್ಲಿಷ್ ಪುಟವೂ ತಾನಾಗಿ ಬದಲಾಗುತ್ತಿದ್ದರೆ ಯಾರೋ ಯಾವಾಗಲೋ ‘ಯಾವಾಗಲೂ ಅನುವಾದಿಸು’ ಒತ್ತಿರಬೇಕು. ಅದನ್ನು ಅದೇ ಮೆನುವಿನಲ್ಲಿ ತೆಗೆಯಬಹುದು. ಸೈಟು ತೆರೆದ ಮೇಲೆ ಅನುವಾದ ನಿಲ್ಲಿಸಿದರೆ ಪುಟವನ್ನು ಒಮ್ಮೆ ರಿಫ್ರೆಶ್ ಮಾಡಿ, ಫಾರ್ಮ್ ಮೊದಲಿಂದ ತುಂಬಿ.

ಈಗ ಹಿಂದಿ ಸೈಟು. ಪುಟ ಕೇಳುವಾಗ ಬ್ರೌಸರ್ ಸಾಮಾನ್ಯವಾಗಿ ಇಂಥ ಒಂದು ಸಾಲು ಜೊತೆಗೆ ಕಳಿಸುತ್ತದೆ:

```
Accept-Language: kn-IN,kn;q=0.9,hi;q=0.8,en;q=0.7
```

ಇದು ಓದುಗರಿಗೆ ಬೇಕಾದ ಭಾಷೆಗಳ ಸಾಲು. `q` ಅಂಕಿ ಜಾಸ್ತಿ ಇದ್ದಷ್ಟೂ ಆದ್ಯತೆ ಜಾಸ್ತಿ. ಇಲ್ಲಿ ಕನ್ನಡ, ಆಮೇಲೆ ಹಿಂದಿ, ಆಮೇಲೆ ಇಂಗ್ಲಿಷ್. ಸೈಟಿನಲ್ಲಿ ಕನ್ನಡ ಇಲ್ಲದಿದ್ದರೆ ಅದು ಸಾಲಿನಲ್ಲಿ ಮುಂದಿನದನ್ನು ನೋಡುತ್ತದೆ. ಹಿಂದಿ ಇದೆ, ಕೊಟ್ಟುಬಿಡುತ್ತದೆ. ಸೈಟಿನ ಪ್ರಕಾರ ಅದು ಸರಿಯೇ. ನಿಮ್ಮ ಅಪ್ಪನ ಫೋನಿನಲ್ಲೂ ಪಟ್ಟಿಯಲ್ಲಿ ಹಿಂದಿ ಎರಡನೆಯದಾಗಿ ಕೂತಿರುವ ಸಾಧ್ಯತೆ ಇದೆ. ಕ್ರೋಮ್‌ನಲ್ಲಿ `Settings`, ಅದರೊಳಗೆ `Languages` ತೆರೆದು ನೋಡಿ. ಹಿಂದಿ ಇದ್ದರೆ ತೆಗೆಯಿರಿ, ಇಲ್ಲವೇ ಇಂಗ್ಲಿಷನ್ನು ಎಳೆದು ಅದರ ಮೇಲಕ್ಕೆ ತನ್ನಿ. ಮೇಲಕ್ಕೆ ತಂದರೆ ಸಾಲು ಹೀಗಾಗುತ್ತದೆ:

```
Accept-Language: kn-IN,kn;q=0.9,en;q=0.8,hi;q=0.7
```

ಕನ್ನಡ ಇರುವ ಸೈಟು ಕನ್ನಡದಲ್ಲೇ ಬರುತ್ತದೆ, ಇಲ್ಲದ್ದು ಇಂಗ್ಲಿಷಿನಲ್ಲಿ.

ಇಷ್ಟಾದರೂ ಹಿಂದಿಯೇ ಬಂದರೆ ಮೊದಲು ವಿಳಾಸ ನೋಡಿ. ಅದರಲ್ಲಿ `/hi/` ಇದ್ದರೆ ಯಾವ ಸೆಟ್ಟಿಂಗೂ ಕೆಲಸ ಮಾಡುವುದಿಲ್ಲ, ಆ ಲಿಂಕೇ ಹಿಂದಿ ಪುಟದ್ದು. ವಾಟ್ಸಾಪ್‌ನಲ್ಲಿ ಬಂದ ಲಿಂಕು ಅಥವಾ ಹಳೆಯ ಬುಕ್‌ಮಾರ್ಕ್ ಹಾಗಿರಬಹುದು. ಅದು ಇಲ್ಲದಿದ್ದರೆ ಕುಕೀ ಕಾರಣ ಇರಬಹುದು. ಸೈಟು ಹಿಂದೆ ತೋರಿಸಿದ ಭಾಷೆಯನ್ನು ಫೋನಿನಲ್ಲೇ ಬರೆದಿಟ್ಟುಕೊಂಡಿರುತ್ತದೆ, ಮತ್ತು ಹೊಸ ಪಟ್ಟಿಗಿಂತ ಆ ಬರಹವನ್ನೇ ನಂಬುತ್ತದೆ. ಇನ್‌ಕಾಗ್ನಿಟೊ ಕಿಟಕಿಯಲ್ಲಿ ಅದೇ ಸೈಟು ತೆರೆದು ನೋಡಿ. ಅಲ್ಲಿ ಸರಿಯಾಗಿ ಬಂದರೆ ತೊಂದರೆ ಕುಕೀಯಲ್ಲಿರಬಹುದು, ಇಲ್ಲವೇ ಲಾಗಿನ್ ಆದ ಖಾತೆಯಲ್ಲಿರಬಹುದು. ವಿಳಾಸದ ಎಡಗಡೆಯ ಚಿಹ್ನೆ ಒತ್ತಿ ಆ ಒಂದು ಸೈಟಿನ ಕುಕೀ ಅಳಿಸಿದರೆ ಸಾಕು. ಎಲ್ಲ ಸೈಟಿನದನ್ನೂ ಅಳಿಸಿ ಅಪ್ಪನನ್ನು ಎಲ್ಲ ಕಡೆಯಿಂದ ಲಾಗ್‌ಔಟ್ ಮಾಡಿಸಬೇಡಿ. ಖಾತೆಯಲ್ಲಿ ಭಾಷೆ ಹಿಂದಿ ಅಂತಿದ್ದರೆ ಆ ಸೈಟಿನ ಪ್ರೊಫೈಲ್ ಪುಟದಲ್ಲೇ ಬದಲಿಸಬೇಕು.

ಕೆಲವು ಸೈಟುಗಳು ಬ್ರೌಸರ್ ಕಳಿಸುವ ಭಾಷೆಗಳ ಸಾಲನ್ನು ಓದುವುದೇ ಇಲ್ಲ. ಇಂಟರ್‌ನೆಟ್ ಯಾವ ಊರಿನಿಂದ ಬರುತ್ತಿದೆ ಅಂತ ನೋಡಿ ಭಾಷೆ ಊಹಿಸುತ್ತವೆ. ಜರ್ಮನಿಯಲ್ಲಿರುವ ಕನ್ನಡಿಗರಿಗೆ ಈ ಅನುಭವ ಇರುತ್ತದೆ, ಬ್ರೌಸರಿನಲ್ಲಿ ಕನ್ನಡ, ಇಂಗ್ಲಿಷ್ ಏನೇ ಇದ್ದರೂ ಪುಟ ಜರ್ಮನ್‌ನಲ್ಲೇ ಬರುತ್ತದೆ. ಅಂಥಲ್ಲಿ ಪುಟದ ಮೇಲೋ ಕೆಳಗೋ ಇರುವ ಭಾಷೆಯ ಗುಂಡಿಯೊಂದೇ ದಾರಿ.

ಅಕ್ಷರಗಳೇ `à²•à²¨` ಥರ ಅಥವಾ `PÀ£ÀßqÀ` ಥರ ಕಂಡರೆ ಅದು ಈ ಯಾವುದೂ ಅಲ್ಲ. ಮೊದಲನೆಯದು ಯುನಿಕೋಡ್ ಕನ್ನಡವನ್ನು ತಪ್ಪು ಎನ್‌ಕೋಡಿಂಗ್‌ನಲ್ಲಿ ಓದಿದ್ದು. ಎರಡನೆಯದು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ‘ಕನ್ನಡ’. ಭಾಷೆಯ ಸೆಟ್ಟಿಂಗ್ ಬದಲಿಸಿ ಇವು ಸರಿಹೋಗುವುದಿಲ್ಲ.

ಇನ್ನೊಂದು ಮಾತು. ಮೇಲೆ ಹೇಳಿದ್ದೆಲ್ಲ ಕ್ರೋಮ್‌ಗೆ ಮಾತ್ರ, ಆ್ಯಪ್‌ಗಳಿಗೆ ಅನ್ವಯಿಸುವುದಿಲ್ಲ. ಟಿಕೆಟ್ ಆ್ಯಪ್ ಕೂಡ ಬೇರೆ ಭಾಷೆಯಲ್ಲಿದ್ದರೆ, ಆಂಡ್ರಾಯ್ಡ್ 13 ಅಥವಾ ಅದಕ್ಕಿಂತ ಹೊಸದರಲ್ಲಿ ಫೋನಿನ ಸೆಟ್ಟಿಂಗ್ಸ್‌ನ ಭಾಷೆಯ ವಿಭಾಗದಲ್ಲಿ `App languages` ಹುಡುಕಿ, ಆ್ಯಪ್‌ಗೆ ಬೇರೆಯೇ ಭಾಷೆ ಕೊಡಬಹುದು. ನಿಮ್ಮ ಆ್ಯಪ್ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಆ್ಯಪ್ ಒಳಗಿನ ಸೆಟ್ಟಿಂಗ್ಸ್ ನೋಡಿ.