‘ಒಂದಕ್ಕಿಂತ ಹೆಚ್ಚು’ ಎಂಬ ನಿಯಮ ಎಲ್ಲಿಂದ ಬಂತು?

ಕಿವಿಯೊಳಗೆ ಸದಾ ಗುಂಯ್‌ಗುಡುವ ಸದ್ದಿನಿಂದ ಬಳಲುವವರಿಗಾಗಿ ಮೈಸೂರಿನ ವಾಕ್ ಮತ್ತು ಶ್ರವಣ ವಿದ್ಯಾರ್ಥಿಯೊಬ್ಬರು ಕನ್ನಡದಲ್ಲಿ 20 ಹೇಳಿಕೆಗಳ ಹೊಸ ಪ್ರಶ್ನಾವಳಿ ಸಿದ್ಧಪಡಿಸಿದ್ದಾರೆ ಎಂದಿಟ್ಟುಕೊಳ್ಳೋಣ. ಮೈಸೂರು, ಮಂಡ್ಯದ ಹೊರರೋಗಿ ವಿಭಾಗಗಳಲ್ಲಿ 300 ಜನರಿಂದ ಉತ್ತರ ಪಡೆದಿದ್ದಾರೆ. ಈ 20 ಹೇಳಿಕೆಗಳ ಹಿಂದೆ ಇರುವ ತೊಂದರೆಗಳು ಎಷ್ಟು ಬಗೆಯವು? ಇದನ್ನು ಹುಡುಕುವ ವಿಧಾನವೇ ಫ್ಯಾಕ್ಟರ್ ವಿಶ್ಲೇಷಣೆ. ಅಂಕಿಗಳೆಲ್ಲ ಉದಾಹರಣೆಗಾಗಿ ನಾನೇ ಹಾಕಿಕೊಂಡವು. ಆದರೆ ಇಲ್ಲಿ ಎದುರಾಗುವ ಗೊಂದಲ ಹಳೆಯದು, ನಿಜವಾದದ್ದು.

ಗಣಕ ಮೊದಲು ಕೊಡುವುದು ಐಗನ್ ಮೌಲ್ಯಗಳ ಪಟ್ಟಿ. ಹೇಳಿಕೆಗಳ ಹಿಂದಿರುವ ಒಂದೊಂದು ಬಗೆ, ಅಂದರೆ ಒಂದೊಂದು ಫ್ಯಾಕ್ಟರ್, ಉತ್ತರಗಳ ಏರಿಳಿತದಲ್ಲಿ ಎಷ್ಟು ಪಾಲನ್ನು ವಿವರಿಸುತ್ತದೆ ಎಂಬುದರ ಅಳತೆ ಇದು. ಹೇಳಿಕೆಗಳು 20 ಇದ್ದರೆ ಮೌಲ್ಯಗಳೂ 20, ಒಟ್ಟು ಮೊತ್ತವೂ 20. ನಮ್ಮ ಪಟ್ಟಿ 6.8, 2.1, 1.5, 1.15, 1.04 ಎಂದು ಇಳಿಯುತ್ತಾ ಆರನೆಯದರಲ್ಲಿ ಒಂದಕ್ಕಿಂತ ಕೆಳಗೆ ಹೋಗುತ್ತದೆ. ಒಂದಕ್ಕಿಂತ ಹೆಚ್ಚಿನವು ಐದು, ಆದ್ದರಿಂದ ಫ್ಯಾಕ್ಟರ್‌ಗಳೂ ಐದು ಎಂದು ಬರೆದು ಮುಗಿಸಿದ ಪ್ರಬಂಧಗಳಿಗೆ ಲೆಕ್ಕವಿಲ್ಲ.

ಈ ನಿಯಮದ ಬೇರು ಲೂಯಿಸ್ ಗಟ್‌ಮನ್ 1954ರಲ್ಲಿ ಕೊಟ್ಟ ಒಂದು ಗಣಿತದ ಫಲಿತಾಂಶದಲ್ಲಿದೆ. 1960ರಲ್ಲಿ ಹೆನ್ರಿ ಕೈಸರ್ ಅದನ್ನು ಬಳಕೆಯ ಸೂತ್ರವಾಗಿಸಿದರು. ಗಟ್‌ಮನ್ ಮಾತನಾಡಿದ್ದು ಇಡೀ ಜನಸಮುದಾಯದ ಬಗ್ಗೆ; ನಮ್ಮ ಕೈಯಲ್ಲಿರುವುದು ಅದರಿಂದ ಆಯ್ದ 300 ಜನರ ಮಾದರಿ ಮಾತ್ರ. ಎಡವಟ್ಟು ಇರುವುದು ಇಲ್ಲಿಯೇ. ಒಂದಕ್ಕೊಂದು ಸಂಬಂಧವೇ ಇಲ್ಲದ 20 ಹೇಳಿಕೆಗಳಿದ್ದರೆ ಸಮುದಾಯದಲ್ಲಿ ಎಲ್ಲ ಐಗನ್ ಮೌಲ್ಯಗಳೂ ಸರಿಯಾಗಿ 1 ಆಗಿರುತ್ತವೆ. ಮಾದರಿಯಲ್ಲಿ ಮಾತ್ರ ಆಕಸ್ಮಿಕವಾಗಿ ಹೆಚ್ಚುಕಡಿಮೆ ಅರ್ಧದಷ್ಟು ಒಂದರ ಮೇಲೇರುತ್ತವೆ, ಉಳಿದವು ಕೆಳಗಿಳಿಯುತ್ತವೆ. ಏನೂ ಇಲ್ಲದ ಕಡೆಯೂ ನಿಯಮ ಸುಮಾರು ಹತ್ತು ಫ್ಯಾಕ್ಟರ್ ಹುಡುಕಿಕೊಡುತ್ತದೆ!

1965ರಲ್ಲಿ ಜಾನ್ ಹಾರ್ನ್ ಇದಕ್ಕೆ ನೇರವಾದ ಪರಿಹಾರ ಸೂಚಿಸಿದರು. ಅಷ್ಟೇ ಜನ, ಅಷ್ಟೇ ಹೇಳಿಕೆಗಳಿರುವ, ಆದರೆ ಪೂರ್ತಿ ಯಾದೃಚ್ಛಿಕವಾದ ದತ್ತಾಂಶವನ್ನು ಮತ್ತೆ ಮತ್ತೆ ಸೃಷ್ಟಿಸಿ, ಅದರ ಐಗನ್ ಮೌಲ್ಯಗಳನ್ನು ನಮ್ಮವುಗಳ ಪಕ್ಕದಲ್ಲಿಟ್ಟು ನೋಡಿ, ಅವನ್ನು ದಾಟಿದವನ್ನಷ್ಟೇ ಉಳಿಸಿಕೊಳ್ಳುವುದು. ಇದೇ ಸಮಾಂತರ ವಿಶ್ಲೇಷಣೆ. ಮರುವರ್ಷ ರೇಮಂಡ್ ಕ್ಯಾಟೆಲ್ ಸುಲಭದ ದಾರಿ ತೋರಿಸಿದರು: ಮೌಲ್ಯಗಳ ರೇಖಾಚಿತ್ರ ಬರೆದು, ಇಳಿಜಾರು ಮುಗಿದು ಸಮತಟ್ಟಾಗುವ ತಿರುವನ್ನು ಕಣ್ಣಳತೆಯಲ್ಲಿ ಗುರುತಿಸುವುದು. ಕಣ್ಣಳತೆಯೆಂದಮೇಲೆ ಇಬ್ಬರು ನೋಡಿದರೆ ಎರಡು ಉತ್ತರ. 1986ರಲ್ಲಿ ಜ್ವಿಕ್ ಮತ್ತು ವೆಲೈಸರ್ ಈ ನಿಯಮಗಳನ್ನು ಹೋಲಿಸಿ, ಕೈಸರ್ ನಿಯಮ ಫ್ಯಾಕ್ಟರ್‌ಗಳನ್ನು ವಿಪರೀತ ಹೆಚ್ಚಿಸುತ್ತದೆಂದೂ ಸಮಾಂತರ ವಿಶ್ಲೇಷಣೆ ಹೆಚ್ಚು ನಿಖರವೆಂದೂ ತೋರಿಸಿದರು. ಆದರೂ ಹಳೆಯ ನಿಯಮ ಸಾಯಲಿಲ್ಲ. ಎಸ್‌ಪಿಎಸ್‌ಎಸ್ ತಂತ್ರಾಂಶದಲ್ಲಿ ನಾವೇನೂ ಬದಲಿಸದಿದ್ದರೆ ಜಾರಿಗೆ ಬರುವುದು ಅದೇ. ಸೋಮಾರಿತನಕ್ಕೆ ಇಷ್ಟು ಗೌರವಯುತವಾದ ಹೆಸರು ಬೇರೆಲ್ಲೂ ಸಿಕ್ಕಿರಲಾರದು.

ನಮ್ಮ ಉದಾಹರಣೆಗೆ ಬರೋಣ. ಯಾದೃಚ್ಛಿಕ ದತ್ತಾಂಶದ ಮೊದಲ ನಾಲ್ಕು ಮೌಲ್ಯಗಳು ಸುಮಾರು 1.57, 1.46, 1.38, 1.32 ಎನ್ನೋಣ. ನಮ್ಮ 6.8, 2.1, 1.5 ಇವುಗಳನ್ನು ದಾಟುತ್ತವೆ, 1.15 ದಾಟುವುದಿಲ್ಲ. ಐದು ಇದ್ದದ್ದು ಮೂರಾಯಿತು.

ಆದರೆ ಮೂರನೆಯದು ಏನು? ಅದಕ್ಕೆ ಲೋಡಿಂಗ್‌ಗಳನ್ನು ಓದಬೇಕು. ಲೋಡಿಂಗ್ ಎಂದರೆ ಒಂದು ಹೇಳಿಕೆ ಒಂದು ಫ್ಯಾಕ್ಟರ್‌ಗೆ ಎಷ್ಟು ಬಿಗಿಯಾಗಿ ಅಂಟಿಕೊಂಡಿದೆ ಎಂಬುದರ ಅಳತೆ. ನಿದ್ದೆಗೇಡಿಗೂ ಬೇಸರಕ್ಕೂ ನಂಟು ಇದ್ದೇ ಇರುವುದರಿಂದ ಫ್ಯಾಕ್ಟರ್‌ಗಳು ಪರಸ್ಪರ ಸಂಬಂಧ ಹೊಂದಲು ಬಿಡುವ ಓರೆ ಆವರ್ತನವನ್ನೇ ಆರಿಸಬೇಕು. ಆವರ್ತನವೆಂದರೆ ಲೋಡಿಂಗ್‌ಗಳನ್ನು ಓದಲು ಸುಲಭವಾಗುವಂತೆ ಫ್ಯಾಕ್ಟರ್‌ಗಳನ್ನು ತಿರುಗಿಸಿಡುವುದು. ಮೊದಲ ಫ್ಯಾಕ್ಟರ್‌ನಲ್ಲಿ ಬೇಸರ, ಆತಂಕ, ಸಿಟ್ಟಿನ ಹೇಳಿಕೆಗಳು ಸೇರಿವೆ. ಎರಡನೆಯದರಲ್ಲಿ ನಿದ್ದೆಯವು, ‘ಸದ್ದಿನಿಂದ ರಾತ್ರಿ ಎಚ್ಚರವಾಗುತ್ತದೆ’ ಎಂಬುದರ ಲೋಡಿಂಗ್ 0.74. ಮೂರನೆಯದರಲ್ಲಿ ಇರುವುದು ಇವು: ‘ಸದ್ದಿದ್ದರೂ ನೆಮ್ಮದಿಯಾಗಿ ಮಲಗುತ್ತೇನೆ’, ‘ನನ್ನ ಕೆಲಸಕ್ಕೆ ತೊಂದರೆಯಿಲ್ಲ’, ‘ಜನರೊಡನೆ ಮಾತನಾಡಲು ಕಷ್ಟವಿಲ್ಲ’. ಒಂದು ನಿದ್ದೆಯದು, ಒಂದು ಕೆಲಸದ್ದು, ಒಂದು ಮಾತುಕತೆಯದು. ವಿಷಯದಲ್ಲಿ ಹೊಂದಿಕೆಯಿಲ್ಲ, ಮೂರೂ ಒಪ್ಪಿದಷ್ಟೂ ತೊಂದರೆ ಕಡಿಮೆ ಎಂದು ತಿರುಗುಮುರುಗಾಗಿ ಅಂಕ ಹಾಕಬೇಕಾದ ಹೇಳಿಕೆಗಳು ಎಂಬುದಷ್ಟೇ ಹೋಲಿಕೆ.

ಇದು ‘ಹೊಂದಾಣಿಕೆಯ ಶಕ್ತಿ’ ಎಂದು ಹೆಸರಿಟ್ಟು ಸಂಭ್ರಮಿಸುವ ಮುನ್ನ ಉತ್ತರ ಪಡೆದ ರೀತಿಯನ್ನು ನೋಡಬೇಕು. ಓದಲು ಬಾರದ ಹಿರಿಯರಿಗೆ ‘ಕೆಲಸಕ್ಕೆ ತೊಂದರೆಯಿಲ್ಲ’ ಎಂದು ಓದಿ ಹೇಳಿದಾಗ ಅವರು ‘ಇಲ್ಲ’ ಎನ್ನುತ್ತಾರೆ. ತೊಂದರೆಯಿಲ್ಲ ಎಂದು ಒಪ್ಪಿದ್ದೋ, ಹೇಳಿಕೆಯನ್ನು ಅಲ್ಲಗಳೆದದ್ದೋ? ಬರೆದುಕೊಳ್ಳುವವರು ಒಬ್ಬೊಬ್ಬರು ಒಂದೊಂದು ರೀತಿ ಗುರುತು ಹಾಕಿದ್ದರೆ ಆ ಹೇಳಿಕೆಗಳಷ್ಟೇ ಬೇರೆಯಾಗಿ ಗುಂಪುಗೂಡುತ್ತವೆ. ಸಮಾಂತರ ವಿಶ್ಲೇಷಣೆ ಸುಳ್ಳು ಹೇಳಲಿಲ್ಲ. ಮೂರನೆಯ ಗುಂಪು ಆಕಸ್ಮಿಕವಲ್ಲ. ಅದು ಕಾಯಿಲೆಯದಲ್ಲ, ವಾಕ್ಯರಚನೆಯದು ಅಷ್ಟೇ. ನನ್ನ ಆಯ್ಕೆ ಎರಡು ಫ್ಯಾಕ್ಟರ್. ಆ ಹೇಳಿಕೆಗಳನ್ನು ನೇರವಾಗಿ ತಿದ್ದಿ ಬರೆದು, ಬೇರೆಯೇ ಜನರಿಂದ ಮತ್ತೆ ಉತ್ತರ ಪಡೆಯಬೇಕು; ಮೂರನೆಯ ಗುಂಪು ಆಗ ಕರಗಿದರೆ ಅನುಮಾನ ಸರಿಯಿತ್ತು.

ಉಳಿದದ್ದು ‘ಬೆಳಗ್ಗೆ ಏಳುವಾಗಲೇ ಸುಸ್ತು’ ಎಂಬ ಹೇಳಿಕೆ. ನಿದ್ದೆಯಲ್ಲಿ 0.41, ಬೇಸರದಲ್ಲಿ 0.38. ಎರಡೂ ಕಡೆ ಕಾಲಿಟ್ಟಿದೆ ಎಂದು ಕಿತ್ತುಹಾಕುವುದು ವಾಡಿಕೆ. ವೈದ್ಯರಿಗೆ ಆ ಪ್ರಶ್ನೆ ಮುಖ್ಯವಾದರೆ ಅದನ್ನು ಪ್ರಶ್ನಾವಳಿಯಲ್ಲಿ ಉಳಿಸಿಕೊಂಡು, ಉಪಗುಂಪಿನ ಅಂಕಗಳಿಗೆ ಮಾತ್ರ ಸೇರಿಸದೆ ಇರಬಹುದು.