ಎಬ್ಬಿಸಿ ನಿಲ್ಲಿಸಿ ಆಮೇಲೆ ಪರೀಕ್ಷೆ ಕೊಟ್ಟರೆ ಏನಾಗುತ್ತೆ?

ಚಿಂತಾಮಣಿ ಕಡೆಯ ಒಂದು ಹೈಸ್ಕೂಲಲ್ಲಿ ನಾನು ಗಣಿತ ಮೇಷ್ಟ್ರಾಗಿದ್ದೆ. ಸ್ಕಾಲರ್‌ಶಿಪ್ ಅರ್ಜಿ ಸಮಯ ಬಂತು ಅಂದ್ರೆ ಯಾರಾದರೂ ಒಂದು ಪಟ್ಟಿ ಹಿಡಿದು ಕ್ಲಾಸಿಗೆ ಬರೋರು. "ಎಸ್ಸಿ, ಎಸ್ಟಿ ಮಕ್ಕಳು ಎದ್ದು ನಿಲ್ರಪ್ಪ." ಹತ್ತು ಹನ್ನೆರಡು ಮಕ್ಕಳು ಏಳುತ್ತಿದ್ದರು, ಉಳಿದವರು ತಿರುಗಿ ನೋಡುತ್ತಿದ್ದರು. ಒಂದು ಸಲ ಇದು ನನ್ನ ಕಿರುಪರೀಕ್ಷೆಗೆ ಐದು ನಿಮಿಷ ಮುಂಚೆ ನಡೆಯಿತು. ನನಗೆ ಆಗ ಏನೂ ಅನ್ನಿಸಲಿಲ್ಲ.

ಈಚೆಗೆ ಸ್ಟಾಫ್ ರೂಮಲ್ಲಿ ಇದೇ ವಿಷಯಕ್ಕೆ ಜೋರು ವಾದ ಆಯ್ತು. "ನಿಮ್ಮಂಥವರಿಗೆ ಲೆಕ್ಕ ಬರಲ್ಲ" ಅನ್ನೋ ಮಾತು ಮಗುವಿನ ನೆನಪಿಗೆ ಬಂದರೆ ಸಾಕು, ಬರುವ ಲೆಕ್ಕವೂ ತಪ್ಪುತ್ತೆ, ಇದು ಸಾಬೀತಾಗಿದೆ ಅಂತ ಒಬ್ಬರು. ಅದೆಲ್ಲ ಬುರುಡೆ, ಮತ್ತೆ ಮಾಡಿ ನೋಡಿದಾಗ ಬರಲೇ ಇಲ್ಲವಂತೆ ಅಂತ ಇನ್ನೊಬ್ಬರು. ಇಬ್ಬರ ಹತ್ತಿರವೂ ಅರ್ಧ ಸತ್ಯ ಇದೆ. ಅದಕ್ಕೇ ಮೊದಲಿಂದ ಹೇಳುತ್ತೇನೆ.

ಇಂಗ್ಲಿಷಲ್ಲಿ ಇದನ್ನು ಸ್ಟೀರಿಯೋಟೈಪ್ ಥ್ರೆಟ್ ಅನ್ನುತ್ತಾರೆ. ನಾನು ಹಣೆಪಟ್ಟಿಯ ಅಳುಕು ಅಂತ ಕರೆಯುತ್ತೇನೆ. 1995ರಲ್ಲಿ ಅಮೆರಿಕದ ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಆರೋನ್ಸನ್ ಎಂಬ ಮನಶ್ಶಾಸ್ತ್ರಜ್ಞರು ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಿಗೆ ಕಷ್ಟದ ಭಾಷಾ ಪ್ರಶ್ನೆಗಳನ್ನು ಕೊಟ್ಟರು. ಕೆಲವರಿಗೆ ಇದು ನಿಮ್ಮ ಬುದ್ಧಿಶಕ್ತಿ ಅಳೆಯುವ ಪರೀಕ್ಷೆ ಎಂದರು, ಕೆಲವರಿಗೆ ಹಾಗೆ ಹೇಳಲಿಲ್ಲ. ಅಳೆಯುತ್ತೇವೆ ಎಂದಾಗ ಕಪ್ಪು ವಿದ್ಯಾರ್ಥಿಗಳ ಅಂಕ ಬಿತ್ತು, ಹೇಳದಿದ್ದಾಗ ಬಿಳಿಯರ ಸಮಕ್ಕೆ ಬಂತು. ಜನ ತಪ್ಪು ಓದುವುದು ಇಲ್ಲೇ. ಆ ಸಮ ಅನ್ನೋದು, ಮೊದಲೇ ಬರೆದಿದ್ದ ಪ್ರವೇಶ ಪರೀಕ್ಷೆಯ ಅಂಕಗಳ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿದೂಗಿಸಿದ ಮೇಲೆ ಸಿಕ್ಕ ಸಮ. ಅಂದ್ರೆ ಅಳುಕು ತೆಗೆದರೆ ಇರುವ ಅಂತರವೆಲ್ಲ ಮಾಯ ಅಂತ ಅವರ ಲೆಕ್ಕ ಹೇಳಲೇ ಇಲ್ಲ. ಪಠ್ಯಪುಸ್ತಕಗಳು ಹಾಗೆ ಹೇಳಿಬಿಟ್ಟವು.

ಆಮೇಲಿನ ಇಪ್ಪತ್ತು ವರ್ಷ ಹೆಣ್ಣುಮಕ್ಕಳು ಮತ್ತು ಗಣಿತ, ವಯಸ್ಸಾದವರು ಮತ್ತು ನೆನಪಿನ ಶಕ್ತಿ, ಹೀಗೆ ನೂರಾರು ಅಧ್ಯಯನ ಬಂದವು, ಕೊನೆಕೊನೆಗೆ ಅನುಮಾನವೂ ಬಂತು.

ನನಗೆ ಚೆನ್ನಾಗಿ ಗೊತ್ತಿರುವುದು ನಮ್ಮ ದೇಶದಲ್ಲೇ ನಡೆದ ಒಂದು ಪ್ರಯೋಗ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಮಾಡಿದ್ದು. 2004ರಲ್ಲಿ ವಿಶ್ವಬ್ಯಾಂಕಿನ ವರದಿಯಾಗಿ ಹೊರಬಂತು. ಆರು, ಏಳನೇ ಕ್ಲಾಸಿನ ಹುಡುಗರು, ಮೇಲ್ಜಾತಿಯ 321, ಕೆಳಜಾತಿಯ 321. ಆರಾರು ಜನರನ್ನು ಒಟ್ಟಿಗೆ ಕೂರಿಸಿ ಕಾಗದದ ಮೇಲೆ ದಾರಿ ಹುಡುಕುವ ಆಟ ಕೊಟ್ಟರು, ಮಕ್ಕಳ ಪತ್ರಿಕೆಯಲ್ಲಿ ಮೊಲವನ್ನು ಕ್ಯಾರೆಟ್ ಹತ್ತಿರ ಸೇರಿಸಿ ಅಂತ ಬರುತ್ತಲ್ಲ, ಅಂಥದ್ದು. ಹದಿನೈದು ನಿಮಿಷದ ಎರಡು ಸುತ್ತು. ಎಷ್ಟು ಬಿಡಿಸಿದರೋ ಅಷ್ಟಕ್ಕೆ ಕೈಗೆ ಕಾಸು. ಇಂಗ್ಲಿಷ್ ಬೇಡ, ಮನೆಯಲ್ಲಿ ಟ್ಯೂಷನ್ ಇರಬೇಕಾಗಿಲ್ಲ, ಯಾರೂ ಮೊದಲೇ ಬಾಯಿಪಾಠ ಮಾಡಿ ಬಂದಿರಲ್ಲ. ಈ ಆಯ್ಕೆಯೇ ನನಗೆ ತುಂಬ ಇಷ್ಟವಾದದ್ದು.

ಮೊದಲ ಬಗೆಯ ಗುಂಪುಗಳಲ್ಲಿ ಜಾತಿಯ ಮಾತೇ ಎತ್ತಲಿಲ್ಲ. ಎರಡೂ ಕಡೆಯವರು ಹೆಚ್ಚೂಕಡಿಮೆ ಒಂದೇ ಸಮ ಬಿಡಿಸಿದರು. ಎರಡನೇ ಬಗೆಯಲ್ಲಿ ಆಟಕ್ಕೆ ಮುಂಚೆ ಒಬ್ಬೊಬ್ಬ ಹುಡುಗನ ಹೆಸರು, ಊರು, ಅಪ್ಪನ ಹೆಸರು, ತಾತನ ಹೆಸರು, ಜಾತಿ ಎಲ್ಲವನ್ನೂ ಎಲ್ಲರೆದುರು ಓದಿದರು. ಸರಿ ತಾನೇ ಅಂದರೆ ಅವನು ತಲೆ ಆಡಿಸಬೇಕು. ಅಷ್ಟೇ. ಬೈಗುಳ ಇಲ್ಲ, ಹೀಯಾಳಿಕೆ ಇಲ್ಲ. ಕೆಳಜಾತಿಯ ಹುಡುಗರು ಬಿಡಿಸಿದ್ದು ಹತ್ತಿರ ಹತ್ತಿರ ಕಾಲು ಭಾಗ ಕಡಿಮೆಯಾಯಿತು.

ಜಾತಿವಾರು ಬೇರೆ ಬೇರೆ ಕೂರಿಸಿ ಜಾತಿ ಹೇಳಿದಾಗ ಮೇಲ್ಜಾತಿ ಹುಡುಗರದ್ದೂ ಇಳಿಯಿತು, ಅದು ಇನ್ನೊಂದು ಕಥೆ. ಬಹುಶಃ ನಾವೇ ಇದ್ದೀವಲ್ಲ, ಯಾಕೆ ಒದ್ದಾಡೋದು ಅನ್ನೋ ಭಾವ ಇರಬಹುದು.

ಇನ್ನು ಯಾಕೆ ಇಳಿಯಿತು ಅನ್ನೋ ಪ್ರಶ್ನೆ. ಅಮೆರಿಕದ ವಿವರಣೆ ಏನೆಂದರೆ, ಅಳುಕು ತಲೆಯಲ್ಲಿ ಜಾಗ ತಿನ್ನುತ್ತೆ. ಎರಡಂಕಿ ಗುಣಾಕಾರವನ್ನು ಮನಸ್ಸಲ್ಲೇ ಮಾಡುವಾಗ ದಶಕವನ್ನು ನೆನಪಲ್ಲಿ ಇಟ್ಟುಕೊಳ್ಳುತ್ತೀವಲ್ಲ, ಆ ಜಾಗ. "ತಪ್ಪಾದರೆ ಏನಂತಾರೋ" ಅನ್ನೋದು ಅಲ್ಲಿ ಬಂದು ಕೂತರೆ ದಶಕಕ್ಕೆ ಜಾಗ ಇಲ್ಲ. ಅದಕ್ಕೇ ಸುಲಭದ ಪ್ರಶ್ನೆಗಿಂತ ಕಷ್ಟದ ಪ್ರಶ್ನೆಯಲ್ಲಿ ಪೆಟ್ಟು ಜಾಸ್ತಿ ಅಂತ ಅವರ ವಾದ.

ಆದರೆ ಹಾಫ್ ಮತ್ತು ಪಾಂಡೆ ಇನ್ನೊಂದು ಬಗೆಯ ಗುಂಪನ್ನೂ ಇಟ್ಟಿದ್ದರು. ಅಲ್ಲಿ ಜಾತಿ ಓದಿದರು, ಆದರೆ ಯಾರಿಗೆ ಕಾಸು ಅನ್ನೋದನ್ನು ಚೀಟಿ ಎತ್ತಿ ತೀರ್ಮಾನಿಸುತ್ತೇವೆ ಎಂದರು. ಅಲ್ಲಿ ಅಂತರ ಮಾಯ! ಅಳುಕೇ ಪೂರ್ತಿ ಕಾರಣವಾಗಿದ್ದರೆ, ಜಾತಿ ಕೇಳಿದ ಮೇಲೆ ಇಲ್ಲೂ ಕೆಳಜಾತಿಯ ಹುಡುಗರು ಹಿಂದೆ ಬೀಳಬೇಕಿತ್ತು ಅಲ್ವಾ? ಬೀಳಲಿಲ್ಲ. ಕಾಸು ಕೊಡುವುದು ಮನುಷ್ಯರ ಕೈಯಲ್ಲಿದ್ದಾಗ "ಎಷ್ಟು ಬಿಡಿಸಿದರೂ ನನಗೆ ನ್ಯಾಯವಾಗಿ ಕೊಡ್ತಾರಾ" ಅನ್ನೋ ಅನುಮಾನ ಕೈಯನ್ನು ನಿಧಾನ ಮಾಡಿರಬೇಕು ಅಂತ ಅವರು ಓದಿಕೊಂಡರು. ಹಾಗಾದರೆ ಇದು ಹೆದರಿಕೆಗಿಂತ ಹೆಚ್ಚಾಗಿ ನಂಬಿಕೆ ಇಲ್ಲದಿರುವುದರ ಕಥೆ. ನೂರಾರು ವರ್ಷ ದುಡಿಮೆಗೆ ತಕ್ಕ ಕೂಲಿ ಕಾಣದ ಮನೆಯ ಹುಡುಗ ಹಾಗೆ ಲೆಕ್ಕ ಹಾಕಿದರೆ ಅದು ದಡ್ಡತನ ಅಂತ ನನಗಂತೂ ಅನ್ನಿಸಲ್ಲ.

ಈಗ ಎರಡನೇ ಮೇಷ್ಟ್ರ ಮಾತಿಗೆ ಬರೋಣ. 2018ರಲ್ಲಿ ನೆದರ್ಲೆಂಡ್ಸ್‌ನ ಎರಡು ಸಾವಿರಕ್ಕೂ ಹೆಚ್ಚು ಹೈಸ್ಕೂಲ್ ಮಕ್ಕಳ ಮೇಲೆ, ಹೇಗೆ ಮಾಡುತ್ತೇವೆ ಅಂತ ಮೊದಲೇ ಬರೆದಿಟ್ಟು, ಗಣಿತದ ಪ್ರಯೋಗ ಮಾಡಿದರು. ಹೆಣ್ಣುಮಕ್ಕಳ ಅಂಕ ಇಳಿಯಲಿಲ್ಲ. ಅದಕ್ಕೂ ಮುಂಚೆ, ಅಮೆರಿಕದ ನಿಜವಾದ ಕ್ಯಾಲ್ಕುಲಸ್ ಪರೀಕ್ಷೆಯೊಂದರಲ್ಲಿ ಗಂಡೋ ಹೆಣ್ಣೋ ಅನ್ನೋ ಪ್ರಶ್ನೆಯನ್ನು ಕೆಲವರಿಗೆ ಮೊದಲು, ಕೆಲವರಿಗೆ ಕೊನೆಯಲ್ಲಿ ಕೇಳಿ ನೋಡಿದ್ದರು. ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ ಎಂದು 2004ರಲ್ಲಿ ಬರೆದರು. ಅದೇ ಅಂಕಿಗಳನ್ನು 2008ರಲ್ಲಿ ಮತ್ತೆ ಲೆಕ್ಕ ಹಾಕಿದವರು ಇದೆ ಎಂದರು. ಜೊತೆಗೆ, ಪರಿಣಾಮ ಕಂಡ ಸಣ್ಣ ಅಧ್ಯಯನಗಳು ಅಚ್ಚಾಗಿ, ಕಾಣದವು ಬೀರುವಿನಲ್ಲೇ ಉಳಿದಿವೆ ಅನ್ನೋ ಅನುಮಾನ ಗಟ್ಟಿಯಾಗುತ್ತಾ ಹೋಯಿತು. ಹಾಗಾಗಿ ಕಾಗದದಲ್ಲಿ ಒಂದು ಟಿಕ್ ಹಾಕಿದ ಮಾತ್ರಕ್ಕೆ ಅಂಕ ಬೀಳುತ್ತೆ ಅಂತ ನಾನು ನಂಬಲ್ಲ.

ಕಾಗದದ ಟಿಕ್ಕೇ ಬೇರೆ, ಐವರೆದುರು ತಲೆ ಆಡಿಸುವುದೇ ಬೇರೆ. ಸ್ಟಾಫ್ ರೂಮಲ್ಲಿ ಇಬ್ಬರೂ ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿದ್ದರು. ಉತ್ತರ ಪ್ರದೇಶದ್ದು ಅರ್ಧ ಗಂಟೆಯ ಆಟ, ಬರೀ ಹುಡುಗರು, ಎಲ್ಲರ ಜಾತಿ ಎಲ್ಲರಿಗೂ ಗೊತ್ತಿರುವ ಊರಿನ ಕಡೆ. ಅದನ್ನು ಹಾಗೇ ಎತ್ತಿ ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಅಂಟಿಸೋಕೆ ಆಗಲ್ಲ. ಆದರೆ ಪಟ್ಟಿ ಹಿಡಿದು ಕ್ಲಾಸಿಗೆ ಬಂದು ಎದ್ದು ನಿಲ್ಲಿ ಅನ್ನೋದಕ್ಕೂ, ಅಲ್ಲಿ ಮಾಡಿದ್ದಕ್ಕೂ ನನಗೆ ಅಂಥ ವ್ಯತ್ಯಾಸ ಕಾಣಲ್ಲ.

ಆ ದಿನದ ನನ್ನ ಕಿರುಪರೀಕ್ಷೆಯಿಂದ ಏನೂ ಹೇಳೋಕೆ ಬರಲ್ಲ. ನಿಂತ ಮಕ್ಕಳಲ್ಲಿ ಕೆಲವರಿಗೆ ಕಡಿಮೆ ಬಂದಿತ್ತು, ಕೂತವರಲ್ಲೂ ಬಂದಿತ್ತು. ಎದ್ದು ನಿಲ್ಲದ ದಿನ ಅದೇ ಮಕ್ಕಳು ಅದೇ ಲೆಕ್ಕವನ್ನು ಎಷ್ಟು ಮಾಡುತ್ತಿದ್ದರು ಅಂತ ಹೋಲಿಸೋಕೆ ನನ್ನ ಹತ್ತಿರ ಇನ್ನೊಂದು ಗುಂಪು ಇರಲಿಲ್ಲವಲ್ಲ.

ಒಂದು ವಿಷಯ ಮಾತ್ರ ಆಮೇಲೆ ಹೊಳೆಯಿತು. ಆ ಪಟ್ಟಿಗೆ ಬೇಕಾಗಿದ್ದ ಎಲ್ಲ ವಿವರ ಆಫೀಸ್ ಬೀರುವಿನ ದಾಖಲಾತಿ ಪುಸ್ತಕದಲ್ಲಿ ಮೊದಲೇ ಇತ್ತು, ಮಕ್ಕಳು ಸೇರಿದ ದಿನವೇ ಬರೆದದ್ದು.