ಇಪ್ಪತ್ತರಲ್ಲಿ ಐದೇ ಏಕೆ? ಆವರಣಗಳ ಲೆಕ್ಕ ಮತ್ತು ಕ್ಯಾಟಲನ್ ಸಂಖ್ಯೆಗಳು

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಇಂಟರ್‌ವ್ಯೂ ಕೊಟ್ಟವರಲ್ಲಿ ಬಹಳ ಮಂದಿಗೆ ಈ ಪ್ರಶ್ನೆ ಎದುರಾಗಿರುತ್ತದೆ: ಮೂರು ಜೊತೆ ಆವರಣಗಳಿವೆ, ತಪ್ಪಿಲ್ಲದಂತೆ ಎಷ್ಟು ಬಗೆಯಲ್ಲಿ ಜೋಡಿಸಬಹುದು? ಕಾಗದದ ಮೇಲೆ ಬರೆದರೆ ಐದು ಸಿಗುತ್ತವೆ: `((()))`, `(()())`, `(())()`, `()(())`, `()()()`. ನಾಲ್ಕು ಜೊತೆಗೆ ಹದಿನಾಲ್ಕು, ಐದು ಜೊತೆಗೆ ನಲವತ್ತೆರಡು. 1, 2, 5, 14, 42, 132, 429, 1430 ಎಂದು ಸಾಗುವ ಈ ಸಾಲಿಗೆ ಕ್ಯಾಟಲನ್ ಸಂಖ್ಯೆಗಳು ಎಂದು ಹೆಸರು. ಆದರೆ ಇದರ ಹುಟ್ಟು ಆವರಣಗಳಲ್ಲಿ ಅಲ್ಲ, ಇದನ್ನು ಮೊದಲು ಕಂಡವರು ಕ್ಯಾಟಲನ್ ಕೂಡ ಅಲ್ಲ.

ಮೊದಲು ಲೆಕ್ಕವನ್ನೇ ನೋಡೋಣ. ತೆರೆಯುವ ಆವರಣ ಮೂರು, ಮುಚ್ಚುವುದು ಮೂರು ಇದ್ದರೆ ಸಾಕು ಎಂದು ಹೊರಡುವುದು ಸಾಮಾನ್ಯ ತಪ್ಪು. ಆರು ಜಾಗಗಳಲ್ಲಿ ತೆರೆಯುವ ಮೂರನ್ನು ಎಲ್ಲಿಡಬೇಕೆಂದು ಆರಿಸಲು ಇಪ್ಪತ್ತು ದಾರಿಗಳಿವೆ, ಆದರೆ ಅವುಗಳಲ್ಲಿ `())(()` ಕೂಡ ಬರುತ್ತದೆ. ಮೆಜೆಸ್ಟಿಕ್‌ನಿಂದ ಖಾಲಿ ಹೊರಟ ಬಸ್ಸೊಂದನ್ನು ಊಹಿಸಿಕೊಳ್ಳಿ. ಪ್ರತಿ ಸ್ಟಾಪಿನಲ್ಲಿ ಒಬ್ಬರು ಹತ್ತುತ್ತಾರೆ ಇಲ್ಲವೇ ಒಬ್ಬರು ಇಳಿಯುತ್ತಾರೆ. ಕೊನೆಗೆ ಬಸ್ಸು ಖಾಲಿಯಾದರಷ್ಟೇ ಸಾಲದು, ನಡುವೆ ಎಲ್ಲಿಯೂ ಖಾಲಿ ಬಸ್ಸಿನಿಂದ ಯಾರೂ ಇಳಿಯಬಾರದು. `())(()` ಎಂಬಲ್ಲಿ ಮೂರನೆಯ ಸ್ಟಾಪಿನಲ್ಲಿ ಆಗುವುದು ಅದೇ.

ಹಾಗಾದರೆ ಇಪ್ಪತ್ತರಲ್ಲಿ ಕೆಟ್ಟವು ಎಷ್ಟು? ಒಂದೊಂದಾಗಿ ಎಣಿಸಬೇಕಿಲ್ಲ. ಕೆಟ್ಟ ಸಾಲಿನಲ್ಲಿ ಲೆಕ್ಕ ಮೊದಲ ಬಾರಿಗೆ ಸೊನ್ನೆಗಿಂತ ಕೆಳಗಿಳಿದ ಜಾಗ ಹುಡುಕಿ, ಅಲ್ಲಿಯವರೆಗಿನ ಆವರಣಗಳನ್ನೆಲ್ಲ ತಿರುಗಿಸಿ. ತೆರೆದದ್ದು ಮುಚ್ಚಲಿ, ಮುಚ್ಚಿದ್ದು ತೆರೆಯಲಿ. ಮೇಲಿನ ಉದಾಹರಣೆಯಲ್ಲಿ ಮೊದಲ ಮೂರು, ಅಂದರೆ `())`, ತಿರುಗಿದರೆ `)((` ಆಗುತ್ತದೆ. ಉಳಿದ `(()` ಹಾಗೆಯೇ ಇರುತ್ತದೆ. ಪೂರ್ತಿ ಸಾಲು ಈಗ `)(((()`. ಇದರಲ್ಲಿ ತೆರೆಯುವವು ನಾಲ್ಕು, ಮುಚ್ಚುವವು ಎರಡು. ಯಾವ ಕೆಟ್ಟ ಸಾಲು ಹಿಡಿದರೂ ಹೀಗೆಯೇ ಆಗುತ್ತದೆ, ಏಕೆಂದರೆ ತಿರುಗಿಸಿದ ತುಂಡಿನಲ್ಲಿ ಮುಚ್ಚುವುದು ಸರಿಯಾಗಿ ಒಂದು ಹೆಚ್ಚಿತ್ತು. ಹಿಂದಿರುಗುವ ದಾರಿಯೂ ಇದೆ. ನಾಲ್ಕು ತೆರೆದು ಎರಡು ಮುಚ್ಚುವ ಯಾವುದೇ ಸಾಲಿನಲ್ಲಿ ಲೆಕ್ಕ ಎಲ್ಲೋ ಒಂದು ಕಡೆ ಮೊದಲ ಬಾರಿಗೆ +1 ಮುಟ್ಟಲೇಬೇಕು; ಅಲ್ಲಿಯವರೆಗೆ ತಿರುಗಿಸಿದರೆ ಹಳೆಯ ಕೆಟ್ಟ ಸಾಲು ಮರಳಿ ಬರುತ್ತದೆ. ಆದ್ದರಿಂದ ಕೆಟ್ಟವುಗಳ ಸಂಖ್ಯೆ ಎಂದರೆ ಆರು ಜಾಗಗಳಲ್ಲಿ ಮುಚ್ಚುವ ಎರಡನ್ನು ಇಡುವ ದಾರಿಗಳ ಸಂಖ್ಯೆ, ಅದು 15. ಇಪ್ಪತ್ತರಲ್ಲಿ ಹದಿನೈದು ಹೋದರೆ ಐದು.

ಲಘು–ಗುರುಗಳ ಪ್ರಸ್ತಾರ ಬರೆದು ಅಭ್ಯಾಸವಿದ್ದವರಿಗೆ ಈ 20 ಮತ್ತು 15 ಎಲ್ಲಿ ಕೂತಿವೆ ಎಂದು ಹೇಳಬೇಕಿಲ್ಲ. ಪಿಂಗಳನ ಛಂದಃಸೂತ್ರಕ್ಕೆ ಹತ್ತನೆಯ ಶತಮಾನದಲ್ಲಿ ಹಲಾಯುಧ ಬರೆದ ವ್ಯಾಖ್ಯಾನದಲ್ಲಿ ವಿವರಿಸಿರುವ ಮೇರು ಪ್ರಸ್ತಾರದಲ್ಲಿ ಆರು ಅಕ್ಷರಗಳ ಸಾಲು 1, 6, 15, 20, 15, 6, 1. ನಡುವಿನದರಿಂದ ಪಕ್ಕದ್ದನ್ನು ಕಳೆದರೆ ನಮ್ಮ ಉತ್ತರ. ಎಂಟರ ಸಾಲಿನಲ್ಲಿ 70ರಿಂದ 56 ಕಳೆದರೆ 14, ಹತ್ತರ ಸಾಲಿನಲ್ಲಿ 252ರಿಂದ 210 ಕಳೆದರೆ 42. ಜೊತೆಗಳ ಸಂಖ್ಯೆಯನ್ನು n ಎಂದರೆ ಪಕ್ಕದ ಸಂಖ್ಯೆ ಯಾವಾಗಲೂ ನಡುವಿನದರ n/(n+1) ಪಾಲು, ಹಾಗಾಗಿ ಕಳೆಯುವ ಬದಲು ನಡುವಿನದನ್ನು n+1ರಿಂದ ಭಾಗಿಸಿದರೂ ಆಯಿತು: 20 ÷ 4 = 5.

ಈಗ ಇತಿಹಾಸ. 1751ರ ಸೆಪ್ಟೆಂಬರ್ 4ರಂದು ಬರ್ಲಿನ್‌ನಲ್ಲಿದ್ದ ಆಯ್ಲರ್ ತನ್ನ ಗೆಳೆಯ ಗೋಲ್ಡ್‌ಬಾಕ್‌ಗೆ ಬರೆದ ಪತ್ರದಲ್ಲಿ ಆವರಣದ ಸುಳಿವೇ ಇಲ್ಲ. ಅಲ್ಲಿರುವುದು ಬಹುಭುಜಾಕೃತಿ. ಒಂದನ್ನೊಂದು ಕತ್ತರಿಸದ ಕರ್ಣಗಳನ್ನು ಎಳೆದು ಅದನ್ನು ತ್ರಿಭುಜಗಳಾಗಿ ಎಷ್ಟು ಬಗೆಯಲ್ಲಿ ಒಡೆಯಬಹುದು? ಚತುರ್ಭುಜಕ್ಕೆ 2, ಪಂಚಭುಜಕ್ಕೆ 5, ಷಡ್ಭುಜಕ್ಕೆ 14. ದಶಭುಜದ 1430ರವರೆಗೆ ಆಯ್ಲರ್ ಪಟ್ಟಿ ಮಾಡಿ, 2·6·10·14… ಎಂಬ ಗುಣಲಬ್ಧವನ್ನು 2·3·4·5… ಎಂಬುದರಿಂದ ಭಾಗಿಸುವ ಸೂತ್ರವನ್ನೂ ಕೊಟ್ಟ. ಸೂತ್ರ ಸರಿಯಿತ್ತು, ಸಾಧನೆ ಮಾತ್ರ ಕೈಗೆ ಸಿಕ್ಕಿರಲಿಲ್ಲ. (ಚೀನಾದ ಆಸ್ಥಾನದಲ್ಲಿದ್ದ ಮಂಗೋಲಿಯನ್ ಗಣಿತಜ್ಞ ಮಿಂಗಂಟು 1730ರ ದಶಕದಲ್ಲೇ ಇದೇ ಸಂಖ್ಯೆಗಳನ್ನು ಸೈನ್ ಶ್ರೇಣಿಯ ಗುಣಕಗಳಾಗಿ ಬಳಸಿದ್ದ. ಅವನ ಕೃತಿ ಅಚ್ಚಾದದ್ದು 1839ರಲ್ಲಿ. ಅವನು ಏನನ್ನೂ ಎಣಿಸುತ್ತಿರಲಿಲ್ಲವಾದ್ದರಿಂದ ನಮ್ಮ ಕಥೆಗೆ ಅವನು ನೆರೆಮನೆಯವನು.)

ಎಣಿಕೆಗೆ ಕಾರಣ ಸಹಿತ ದಾರಿ ತೋರಿಸಿದವನು ಆಯ್ಲರ್‌ನ ಸಮಕಾಲೀನ ಗಣಿತಜ್ಞ ಸೆಗ್ನರ್. ಬಹುಭುಜದ ಒಂದು ಬಾಹುವನ್ನು ಹಿಡಿದುಕೊಳ್ಳಿ ಎಂದ ಅವನು. ಆ ಬಾಹುವಿನ ಮೇಲೆ ಯಾವುದೋ ಒಂದು ತ್ರಿಭುಜ ನಿಲ್ಲಲೇಬೇಕು, ಅದರ ಎರಡು ಕಡೆಗೂ ಚಿಕ್ಕ ಬಹುಭುಜಗಳು ಉಳಿಯುತ್ತವೆ. ಆವರಣಗಳ ಭಾಷೆಯಲ್ಲಿ ಇದೇ ಮಾತು: ಮೊದಲ `(` ಎಲ್ಲಿ ಮುಚ್ಚುತ್ತದೆ ಎಂದು ನೋಡಿದರೆ ಸಾಲು `(A)B` ಎಂಬ ರೂಪಕ್ಕೆ ಬರುತ್ತದೆ. ನಾಲ್ಕು ಜೊತೆ ಇದ್ದಾಗ ಒಂದು ಜೊತೆ ಹೊರಗಿನದಕ್ಕೆ ಹೋಗಿ, ಉಳಿದ ಮೂರು A ಮತ್ತು Bಗೆ ಹಂಚಿಹೋಗುತ್ತವೆ, ಖಾಲಿ ಬಿಡುವುದೂ ಒಂದು ಬಗೆ: 1×5 + 1×2 + 2×1 + 5×1 = 14.

ಈ ವಿಧಾನಕ್ಕೊಂದು ಅಪಾಯವಿದೆ, ಅದಕ್ಕೆ ಸೆಗ್ನರ್‌ನೇ ಮೊದಲು ಸಿಕ್ಕಿಬಿದ್ದ. ಅವನ ಪಟ್ಟಿ 20 ಬಾಹುಗಳವರೆಗೆ ಹೋಗುತ್ತದೆ, ಆದರೆ 15 ಬಾಹುಗಳ ಲೆಕ್ಕದಲ್ಲಿ ಕೂಡುವ–ಗುಣಿಸುವ ತಪ್ಪೊಂದು ನುಸುಳಿತು. ಪ್ರತಿ ಸಂಖ್ಯೆಯೂ ಹಿಂದಿನ ಎಲ್ಲವುಗಳಿಂದ ಹುಟ್ಟುವುದರಿಂದ ಅಲ್ಲಿಂದ ಮುಂದಿನ ಒಂದೂ ಸರಿಯಾಗಿ ಬರಲಿಲ್ಲ. ಸೆಗ್ನರ್‌ನ ಪ್ರಬಂಧಕ್ಕೆ ಸಾರಾಂಶ ಬರೆದ ಆಯ್ಲರ್ ಪಟ್ಟಿಯನ್ನು ತಿದ್ದಿ 25 ಬಾಹುಗಳವರೆಗೆ ಬೆಳೆಸಿದ. ಅವನ ಕೈಯಲ್ಲಿ ಗುಣಲಬ್ಧದ ಸೂತ್ರ ಇತ್ತಲ್ಲ! 14 ಬಾಹುಗಳ 208012ನ್ನು 50ರಿಂದ ಗುಣಿಸಿ 14ರಿಂದ ಭಾಗಿಸಿದರೆ 742900. ಒಂದು ಗುಣಾಕಾರ, ಒಂದು ಭಾಗಾಕಾರ, ಹಿಂದಿನ ಒಂದೇ ಸಂಖ್ಯೆ ಸಾಕು. ಇನ್ನೊಂದು ಅಗ್ಗದ ಪರೀಕ್ಷೆಯೂ ಉಂಟು. ಜೊತೆಗಳ ಸಂಖ್ಯೆ 1, 3, 7, 15 ಹೀಗೆ ಎರಡರ ಘಾತಕ್ಕಿಂತ ಒಂದು ಕಡಿಮೆಯಿದ್ದಾಗ ಮಾತ್ರ ಉತ್ತರ ಬೆಸಸಂಖ್ಯೆ. ಬೇರೆಲ್ಲಾದರೂ ಬೆಸ ಬಂದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಆವರಣ ಬಂದದ್ದು 1838ರಲ್ಲಿ, ಪ್ಯಾರಿಸ್‌ನಲ್ಲಿ. ಆಯ್ಲರ್‌ನ ಸೂತ್ರಕ್ಕೆ ಸರಳ ಸಾಧನೆ ಸಿಗುತ್ತದೆಯೇ ಎಂದು ಲಿಯೂವಿಲ್ ಕೇಳಿದಾಗ ಲಾಮೆ ಒಂದನ್ನು ಕೊಟ್ಟ. ಅದೇ ವರ್ಷ ಯೂಜೀನ್ ಶಾರ್ಲ್ ಕ್ಯಾಟಲನ್, 1814ರಲ್ಲಿ ಬ್ರೂಜ್‌ನಲ್ಲಿ ಹುಟ್ಟಿದವನು, ಸ್ಪೇನಿನ ಕ್ಯಾಟಲೋನಿಯಾಕ್ಕೂ ಅವನಿಗೂ ಸಂಬಂಧವಿಲ್ಲ, ಪ್ರಶ್ನೆಯನ್ನು ಹೊಸ ರೂಪಕ್ಕೆ ತಂದ: a, b, c, d ಎಂಬ ಅಕ್ಷರಗಳನ್ನು ಇದೇ ಕ್ರಮದಲ್ಲಿ, ಸಲಕ್ಕೆ ಎರಡೆರಡಾಗಿ ಗುಣಿಸಲು ಎಷ್ಟು ಬಗೆಯಲ್ಲಿ ಆವರಣ ಹಾಕಬಹುದು? ಉತ್ತರ ಐದು.

ಇಲ್ಲೊಂದು ಗುಂಡಿ ಇದೆ, ಪಾಠ ಹೇಳುವವರೂ ಬೀಳುವಂಥದ್ದು. ನಾಲ್ಕು ಅಕ್ಷರಕ್ಕೆ ಐದು, ಮೂರು ಜೊತೆ ಆವರಣಕ್ಕೂ ಐದು. ಹಾಗಾದರೆ ಅಕ್ಷರ ಅಳಿಸಿದರೆ ಒಂದರಿಂದ ಇನ್ನೊಂದು ಸಿಗಬೇಕಲ್ಲವೇ? ಸಿಗುವುದಿಲ್ಲ. `(((ab)c)d)` ಮತ್ತು `((a(bc))d)` ಎರಡರಲ್ಲೂ ಅಕ್ಷರ ಅಳಿಸಿದರೆ ಉಳಿಯುವುದು `((()))` ಒಂದೇ. ಐದರಲ್ಲಿ ನಾಲ್ಕು ಹೀಗೆ ಒಂದೇ ಆಗಿಬಿಡುತ್ತವೆ, `((ab)(cd))` ಮಾತ್ರ `(()())` ಆಗಿ ಬೇರೆ ನಿಲ್ಲುತ್ತದೆ. ಸರಿಯಾದ ದಾರಿ ಇದು: ಗುಣಾಕಾರದ ಚುಕ್ಕಿಯನ್ನೂ ಬರೆಯಿರಿ, ಆಮೇಲೆ ಅಕ್ಷರಗಳನ್ನೂ ಎಡ ಆವರಣಗಳನ್ನೂ ಅಳಿಸಿ, ಚುಕ್ಕಿಯನ್ನೇ ತೆರೆಯುವ ಆವರಣ ಎಂದು ಓದಿ.

```
(((a·b)·c)·d)   ·)·)·)   ()()()
((a·(b·c))·d)   ··))·)   (())()
((a·b)·(c·d))   ·)··))   ()(())
(a·((b·c)·d))   ··)·))   (()())
(a·(b·(c·d)))   ···)))   ((()))
```

ಐದಕ್ಕೆ ಐದೂ ಬೇರೆ ಬೇರೆ. ಎಡ ಆವರಣಗಳು ಹೋದರೂ ನಷ್ಟವಿಲ್ಲ ಏಕೆಂದರೆ ಪ್ರತಿ ಗುಣಾಕಾರಕ್ಕೂ ಒಂದು ಚುಕ್ಕಿ, ಒಂದು ಬಲ ಆವರಣ ಇದ್ದೇ ಇರುತ್ತವೆ, ಚುಕ್ಕಿ ಯಾವಾಗಲೂ ತನ್ನ ಬಲ ಆವರಣಕ್ಕಿಂತ ಮೊದಲೇ ಬರುತ್ತದೆ. ನಾಲ್ಕು ಅಕ್ಷರಕ್ಕೆ ಮೂರೇ ಗುಣಾಕಾರ ಎಂಬುದನ್ನು ಮರೆತವರು ಇಂಟರ್‌ವ್ಯೂನಲ್ಲಿ 14 ಎಂದು ಬರೆದು ಬರುತ್ತಾರೆ.

ಕ್ಯಾಟಲನ್ ಸ್ವತಃ ಇವನ್ನು ಸೆಗ್ನರ್ ಸಂಖ್ಯೆಗಳು ಎಂದೇ ಕರೆದಿದ್ದ. ಇವಕ್ಕೆ ಕ್ಯಾಟಲನ್ ಹೆಸರು ಅಂಟಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ, ಮುಖ್ಯವಾಗಿ ಜಾನ್ ರಿಯೋರ್ಡನ್ 1968ರ ತನ್ನ ಪುಸ್ತಕದಲ್ಲಿ ಬಳಸಿದ ಮೇಲೆ. ಆಯ್ಲರ್‌ಗೆ ಅನ್ಯಾಯವಾಯಿತು ಎನ್ನುವಂತಿಲ್ಲ, ಅವನ ಹೆಸರಿನ ಸಂಖ್ಯೆಗಳು ಬೇರೆಯೇ ಸಾಕಷ್ಟಿವೆ.

ಇವತ್ತು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದರೂ ಆಯ್ಲರ್–ಸೆಗ್ನರ್ ಜಗಳ ಮುಗಿದಿಲ್ಲ. ಆಯ್ಲರ್‌ನ ಗುಣಲಬ್ಧ ಪೈಥಾನ್‌ನಲ್ಲಿ ಹೀಗಿರುತ್ತದೆ:

```python
def catalan(n):
    c = 1
    for k in range(1, n + 1):
        c = c * (4*k - 2) // (k + 1)
    return c
```

ಗುಣಿಸಿದ ಮೇಲೆಯೇ ಭಾಗಿಸಬೇಕು. `c * ((4*k - 2) // (k + 1))` ಎಂದು ಆವರಣ ಹಾಕಿದರೆ ಮೂರನೆಯ ಹೆಜ್ಜೆಯಲ್ಲಿ 10ನ್ನು 4ರಿಂದ ಭಾಗಿಸಿ ಶೇಷ ಬಿಟ್ಟುಹೋಗುತ್ತದೆ, ಐದರ ಬದಲು ನಾಲ್ಕು ಬರುತ್ತದೆ. ಪೈಥಾನ್‌ನಲ್ಲಿ ಪೂರ್ಣಾಂಕಕ್ಕೆ ಮಿತಿಯಿಲ್ಲದ್ದರಿಂದ ಇಷ್ಟಕ್ಕೇ ಚಿಂತೆ ಮುಗಿಯಿತು. ಜಾವಾದ `long`ನಂತೆ 64 ಬಿಟ್‌ಗಳಲ್ಲಿ ಲೆಕ್ಕ ಹಾಕುವವರು ಮಾತ್ರ ಎಚ್ಚರವಿರಬೇಕು. ನಡುವಿನ ಸಂಖ್ಯೆಯನ್ನು ಫ್ಯಾಕ್ಟೋರಿಯಲ್‌ಗಳಿಂದ ಕಂಡುಹಿಡಿದು n+1ರಿಂದ ಭಾಗಿಸಹೊರಟರೆ 11 ಜೊತೆಗೇ ಕೆಡುತ್ತದೆ; ಉತ್ತರ ಬರೀ 58786 ಆದರೂ ದಾರಿಯಲ್ಲಿ ಬರುವ 22! ಆ ಜಾಗದಲ್ಲಿ ಹಿಡಿಸುವುದಿಲ್ಲ. ಆಯ್ಲರ್‌ನ ಗುಣಲಬ್ಧ 33ರವರೆಗೆ ಸರಿಯಾಗಿ ನಡೆದು 34ರಲ್ಲಿ ಎಡವುತ್ತದೆ, ಭಾಗಿಸುವ ಮುನ್ನ ಗುಣಿಸಿದ ಸಂಖ್ಯೆ ಉಕ್ಕಿಹೋಗುವುದರಿಂದ. 35ನೆಯದು, ಅಂದರೆ 3116285494907301262, `long`ನಲ್ಲಿ ಹಿಡಿಸುವ ಕೊನೆಯ ಕ್ಯಾಟಲನ್ ಸಂಖ್ಯೆ. ಅಲ್ಲಿಯವರೆಗೆ ನೇರವಾಗಿ ತಲುಪುವುದು ಸೆಗ್ನರ್‌ನ ಕೂಡುವ ವಿಧಾನವೇ. ಅದರಲ್ಲಿ ನಡುವಿನ ಯಾವ ಮೊತ್ತವೂ ಉತ್ತರಕ್ಕಿಂತ ದೊಡ್ಡದಾಗುವುದಿಲ್ಲ.